ಐದು ಸಾವಿರದಲ್ಲಿ ಮೆಸ್ಸಿನ ಪಾಲು

2023ರ ಫೆಬ್ರವರಿ 19ರ ಸಂಜೆ ನನ್ನ ಖಾತೆಯಲ್ಲಿ 1,340 ರೂಪಾಯಿ ಇತ್ತು. ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ 2,755 ಎಂದು ಬರೆದಿತ್ತು. ಕಟ್ಟಲು ಕೊನೆಯ ದಿನ ಮರುದಿನ. ಆಮೇಲೆ ದಿನಕ್ಕೆ ಹತ್ತು ರೂಪಾಯಿ ದಂಡ, ತಿಂಗಳು ದಾಟಿದರೆ ಮೆಸ್ಸಿನ ಪಟ್ಟಿಯಿಂದ ಹೆಸರೇ ತೆಗೆಯುತ್ತಾರೆ ಎಂದು ಸೀನಿಯರುಗಳು ಹೇಳುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಅಪ್ಪನಿಗೆ ಫೋನು ಮಾಡಿದೆ. ಡಿಪಾರ್ಟ್‌ಮೆಂಟಿನಲ್ಲಿ ಪುಸ್ತಕ ತಗೋಬೇಕಂತೆ, ಎಲ್ಲರೂ ತಗೋತಿದಾರೆ, 1,500 ಬೇಕು ಅಂದೆ. ಅಪ್ಪ ಯಾವ ಪುಸ್ತಕ ಎಂದು ಕೇಳಲಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ದುಡ್ಡು ಬಂತು. ಅಪ್ಪನಿಗೆ ಫೋನ್‌ಪೇ ಇಲ್ಲ. ಊರಿನ ಅಂಗಡಿಯವನ ಕೈಗೆ ನೋಟು ಕೊಟ್ಟು, ಅವನ ಫೋನಿನಿಂದ ಹಾಕಿಸುತ್ತಾರೆ.

ನಾನು ದುಂದು ಮಾಡುವವಳಲ್ಲ. ಆ ಎರಡು ತಿಂಗಳಲ್ಲಿ ಒಂದು ಬಟ್ಟೆ ಕೊಂಡಿರಲಿಲ್ಲ, ಒಂದೇ ಒಂದು ಸಿನಿಮಾ ನೋಡಿದ್ದೆ. ತಿಂಗಳ ಲೆಕ್ಕವನ್ನೂ ಬರೆದಿಟ್ಟಿದ್ದೆ. ಡೈರಿಯ ಮೊದಲ ಪುಟದಲ್ಲಿ ಊಟ, ಓಡಾಟ, ಪುಸ್ತಕ, ಇತರೆ ಎಂದು ನಾಲ್ಕು ಕಾಲಮ್ಮು ಹಾಕಿ, ಸ್ಕೇಲಿನಲ್ಲಿ ಗೆರೆ ಎಳೆದು, ಕೆಳಗೆ ಉಳಿತಾಯ 400 ಎಂದು ಕೂಡ ಬರೆದಿದ್ದೆ. ಲೆಕ್ಕ ಇದ್ದೂ ಹೀಗೆ ಹೇಗಾಯಿತು ಎಂಬುದು ಅರ್ಥವಾಗಲು ನನಗೆ ಇನ್ನೂ ಒಂದು ತಿಂಗಳು ಹಿಡಿಯಿತು. ಮೈಸೂರಿಗೆ ಎಂ.ಎ. ಓದಲು ಬಂದು, ಜನವರಿ 2ನೇ ತಾರೀಖು ರೂಮು ಸಿಕ್ಕಿದ ನನ್ನಂಥವರು ಇನ್ನೂ ಇರುತ್ತಾರೆ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಡಿವೈಡಿಂಗ್ ಸಿಸ್ಟಮ್ಮಿನ ಮೆಸ್ಸು. ಪೇಯಿಂಗ್ ಗೆಸ್ಟಿನಲ್ಲಿ ಇರುವ ಹಾಗೆ ಮೊದಲೇ ಇಷ್ಟು ಎಂದು ನಿಗದಿಯಿಲ್ಲ. ತಿಂಗಳು ಪೂರ್ತಿ ಅಡುಗೆ ಮಾಡುತ್ತಾರೆ, ನಾವು ಪೂರ್ತಿ ಉಣ್ಣುತ್ತೇವೆ. ತಿಂಗಳು ಮುಗಿದ ಮೇಲೆ ಅಕ್ಕಿ, ಬೇಳೆ, ತರಕಾರಿ, ಹಾಲು, ಗ್ಯಾಸು, ಅಡುಗೆಯವರ ಸಂಬಳ ಎಲ್ಲವನ್ನೂ ಕೂಡಿ, ಎಲ್ಲರೂ ಒಟ್ಟು ಎಷ್ಟು ದಿನ ಉಂಡಿದ್ದಾರೆ ಎಂಬ ಸಂಖ್ಯೆಯಿಂದ ಭಾಗಿಸುತ್ತಾರೆ. ಅದು ಒಂದು ದಿನದ ದರ. ನೀವು ಎಷ್ಟು ದಿನ ಇದ್ದಿರೋ ಅದರಿಂದ ಗುಣಿಸಿದರೆ ನಿಮ್ಮ ಬಿಲ್ಲು. ಜನವರಿಯಲ್ಲಿ ದರ 95 ಬಂದಿತ್ತು, ನಾನಿದ್ದದ್ದು 29 ದಿನ, ಆದ್ದರಿಂದ 2,755. ಮೂರು ಹೊತ್ತಿನ ಊಟಕ್ಕೆ 95 ರೂಪಾಯಿ ಎಂದರೆ ಮೈಸೂರಿನಲ್ಲಿ ಅಗ್ಗವೇ. ಸಾರು ನೀರಾಗಿತ್ತು ಎಂದು ಬೈಯುವುದು ಬೇರೆ ಮಾತು.

ಇದರಲ್ಲಿ ಇರುವ ಬಲೆ ಏನೆಂದರೆ, ಮೊದಲ ತಿಂಗಳು ಬಿಲ್ಲೇ ಬರುವುದಿಲ್ಲ. ಜನವರಿಯಲ್ಲಿ ಉಂಡದ್ದಕ್ಕೆ ಬಿಲ್ಲು ಬೋರ್ಡಿಗೆ ಬಂದದ್ದು ಫೆಬ್ರವರಿ 10ಕ್ಕೆ. ಅಪ್ಪ ಜನವರಿಯಲ್ಲಿ ಕೊಟ್ಟ 5,000 ರೂಪಾಯಿ ಪೂರ್ತಿ ನನ್ನ ಕೈಯಲ್ಲಿತ್ತು, ಊಟ ಪುಕ್ಕಟೆ ಎಂಬ ಹಾಗೆ ನಡೆಯುತ್ತಿತ್ತು. ಬಕೀಟು, ಮಗ್ಗು, ಬೆಡ್‌ಶೀಟು, ಬೀಗ, ಹಗ್ಗ, ಚಾಮುಂಡಿ ಬೆಟ್ಟ, ಎರಡು ಪುಸ್ತಕ, ದಿನಾ ಸಂಜೆ ಟೀ ಜೊತೆ ಏನಾದರೊಂದು. ಇಷ್ಟರಲ್ಲಿ ಅದು ಖರ್ಚಾಯಿತು, ಯಾವುದೂ ದೊಡ್ಡದೆನಿಸಲಿಲ್ಲ. ಆದರೆ ಆ ಐದು ಸಾವಿರದಲ್ಲಿ 2,755 ನನ್ನದಾಗಿರಲೇ ಇಲ್ಲ. ದಿನಾ ರಾತ್ರಿ ತಟ್ಟೆ ತೊಳೆದಿಡುವ ಹೊತ್ತಿಗೆ 95 ರೂಪಾಯಿ ಸಾಲ ಏರಿರುತ್ತಿತ್ತು, ಕಾಣುತ್ತಿರಲಿಲ್ಲ ಅಷ್ಟೆ. ಅದಕ್ಕಿಂತ ಕೆಟ್ಟದ್ದು, ತಿಂಗಳಿಗೆ ಐದು ಸಾವಿರ ಕೈಖರ್ಚು ಇರುವವಳ ಅಭ್ಯಾಸ ಮೊದಲ ನಾಲ್ಕು ವಾರದಲ್ಲೇ ಕೂತುಬಿಟ್ಟಿತು. ಫೆಬ್ರವರಿ 6ಕ್ಕೆ ಬಂದ ಹಣವನ್ನೂ ಅದೇ ಕೈಯಲ್ಲಿ ಖರ್ಚು ಮಾಡುತ್ತಾ ಹೋದೆ. ಬೋರ್ಡಿನಲ್ಲಿ ಬಿಲ್ಲು ನೋಡಿದಾಗಲೂ ಇನ್ನೂ ಹತ್ತು ದಿನ ಇದೆಯಲ್ಲ ಅಂದುಕೊಂಡೆ.

ಅಪ್ಪ ಕಳಿಸಿದ 1,500ರಲ್ಲಿ ಬಿಲ್ಲು ಕಟ್ಟಿ ಉಳಿದದ್ದು 85. ತಿಂಗಳ ಕೊನೆಯವರೆಗೆ, ನಿಜವಾಗಿ ಮುಂದಿನ 6ರವರೆಗೆ, ರೂಮ್‌ಮೇಟಿನ ಹತ್ತಿರ 300 ಸಾಲ ಮಾಡಿದೆ.

ಆ ದಿನಗಳಲ್ಲಿ ಮಾಡಲು ಬೇರೇನೂ ಇಲ್ಲದೆ ಫೋನ್‌ಪೇ ತೆರೆದು ಎರಡು ತಿಂಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. ಫೆಬ್ರವರಿಯ ಇಪ್ಪತ್ತು ದಿನದಲ್ಲಿ 63 ಸಲ ದುಡ್ಡು ಕೊಟ್ಟಿದ್ದೆ, ಅದರಲ್ಲಿ 41 ಮೂವತ್ತು ರೂಪಾಯಿಗಿಂತ ಕಡಿಮೆಯವು. 12, 20, 12, 25, 10. ಕೆಲವು ಅಂಗಡಿಯ ಹೆಸರು ನೋಡಿದರೆ ಏನು ತಗೊಂಡೆ ಎಂಬುದೇ ನೆನಪಾಗಲಿಲ್ಲ. ಮೊದಲು ನಾನು ಇದೇ ಕಾರಣ, ಈ ಟೀ ಬನ್ನೇ ನನ್ನನ್ನು ಮುಳುಗಿಸಿತು ಎಂದುಕೊಂಡೆ. ಕೂಡಿಸಿ ನೋಡಿದರೆ ಆ 41ರ ಮೊತ್ತ 700 ದಾಟಿರಲಿಲ್ಲ. ಟೀ ಬಿಟ್ಟು ತಪಸ್ಸು ಮಾಡಿದ್ದರೂ ಮೆಸ್ ಬಿಲ್ಲಿಗೆ ಸಾಲುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ದುಡ್ಡಿನ ಬಗ್ಗೆ ಬುದ್ಧಿ ಹೇಳುವವರೆಲ್ಲ ಮೊದಲು ಟೀ ಬಿಡಿಸುತ್ತಾರೆ. ನನ್ನ ಅನುಭವದಲ್ಲಿ ಅದನ್ನು ಕೊನೆಗೆ ಮುಟ್ಟಬೇಕು.

ಯುಗಾದಿಗೆ ಊರಿಗೆ ಹೋದೆ. ನಮ್ಮದು ನಾಗಮಂಗಲ ತಾಲ್ಲೂಕಿನ ಹಳ್ಳಿ. ಎರಡು ಹಸು, ಸ್ವಲ್ಪ ತೆಂಗು. ಹಬ್ಬದ ಮರುದಿನ ಗೂಡಿನಲ್ಲಿ ಬೆಂಕಿಪೊಟ್ಟಣ ಹುಡುಕುವಾಗ ಡೈರಿಯ ಬಟವಾಡೆ ಚೀಟಿ ಸಿಕ್ಕಿತು. ಹಾಲಿನ ಡೈರಿಯಲ್ಲಿ ನಮ್ಮೂರಿನವರಿಗೆ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಚೀಟಿ ಫೆಬ್ರವರಿ ಕೊನೆಯ ಪಾಳಿಯದು. ಹಾಲು 210 ಲೀಟರು, ಫ್ಯಾಟು ನೋಡಿ ಹಾಕಿದ ದರ 32 ರೂಪಾಯಿ, ಒಟ್ಟು 6,720. ಅದರ ಕೆಳಗೆ ಕಡಿತಗಳು. ಪಶು ಆಹಾರ ಎರಡು ಮೂಟೆ, 2,400. ಮುಂಗಡ, 1,500. ಕೈಗೆ ಬಂದದ್ದು 2,820.

ಮುಂಗಡ 1,500 ಯಾವುದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾನು ಆ ಚೀಟಿಯನ್ನು ಇಟ್ಟಲ್ಲೇ ಇಟ್ಟೆ. ಮೈಸೂರಿನ ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಅದನ್ನೇ ಲೆಕ್ಕ ಹಾಕಿದೆ. ಹಿಂಡಿ ಬೂಸಾ ಕಳೆದು ಪಾಳಿಗೆ 4,320, ತಿಂಗಳಿಗೆ 8,640. ಅದರಲ್ಲಿ ನನಗೆ 5,000. ನನ್ನ ತಿಂಗಳ ಹಣ ಎಂದರೆ ಎರಡು ಹಸುವಿನ ಹನ್ನೊಂದು ದಿನದ ಹಾಲು, ಅದೂ ಅವಕ್ಕೆ ಮೇವು ಪುಕ್ಕಟೆ ಬಂದರೆ. ಆದರೆ ಚೀಟಿಯಲ್ಲಿ ನನ್ನನ್ನು ಹಿಡಿದದ್ದು ಮೊತ್ತವಲ್ಲ, ಅದನ್ನು ಬರೆದಿದ್ದ ಕ್ರಮ. ಅಪ್ಪನ ಕೈಗೆ 6,720 ಬರುವುದೇ ಇಲ್ಲ. ಮೂಟೆಯ ದುಡ್ಡು ಡೈರಿಯಲ್ಲೇ ಮುರಿದುಕೊಂಡು ಉಳಿದದ್ದು ಬರುತ್ತದೆ. ಹಸು ತಿಂದದ್ದು ಮೊದಲು, ಮನೆಯವರು ತಿನ್ನುವುದು ಆಮೇಲೆ. ನನ್ನ ಡೈರಿಯ ಪುಟದಲ್ಲಿ ಮೆಸ್ಸು, ಸೋಪು, ಬಸ್ಸು ಎಲ್ಲ ಒಂದೇ ಸಾಲಿನಲ್ಲಿ ಕೂತಿದ್ದವು.

ಏಪ್ರಿಲ್ 6ಕ್ಕೆ ಹಣ ಬಂದಾಗ ಹಾಗೇ ಮಾಡಿದೆ. ಡಿಗ್ರಿಯಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆಂದು ತೆರೆದಿದ್ದ ಇನ್ನೊಂದು ಬ್ಯಾಂಕಿನ ಖಾತೆ ಇತ್ತು. ಅದನ್ನು ಫೋನ್‌ಪೇಗೆ ಜೋಡಿಸಿರಲಿಲ್ಲ, ಮುಂದೆಯೂ ಜೋಡಿಸಲಿಲ್ಲ. ಹಣ ಬಂದ ಅರ್ಧ ಗಂಟೆಯೊಳಗೆ 3,100 ರೂಪಾಯಿ ಅಲ್ಲಿಗೆ ಹಾಕಿದೆ. ಬಿಲ್ಲು ಸಾಮಾನ್ಯವಾಗಿ 2,850ರಿಂದ 2,950ರ ಒಳಗೆ ಬರುತ್ತಿತ್ತು. ಮತ್ತೆ 3,100 ಏಕೆ ಎಂಬುದಕ್ಕೆ ದಸರಾವರೆಗೆ ಕಾಯಬೇಕು.

ಉಳಿದದ್ದು 1,900. ಇದನ್ನು ಮೂವತ್ತರಿಂದ ಭಾಗಿಸಿ ದಿನಕ್ಕೆ 63 ರೂಪಾಯಿ, ಪರವಾಗಿಲ್ಲ ಎಂದುಕೊಂಡಿದ್ದೆ. ಆ ಲೆಕ್ಕ ಮೇ ತಿಂಗಳಲ್ಲಿ ಮುರಿಯಿತು, ಏಕೆಂದರೆ ಪರೀಕ್ಷಾ ಶುಲ್ಕ ಬಂತು. ಅದರ ಹಿಂದೆಯೇ ಚಪ್ಪಲಿ ಕಿತ್ತುಹೋಯಿತು. ಇವು ಅನಿರೀಕ್ಷಿತ ಎಂದು ಅಂದುಕೊಳ್ಳುವುದು ನಮ್ಮ ಅಭ್ಯಾಸ. ಆದರೆ ಪರೀಕ್ಷೆ ಬರುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಚಪ್ಪಲಿ ಸವೆಯುತ್ತದೆ ಎಂದು? ಇವು ತಿಂಗಳಿಗೊಮ್ಮೆ ಬರುವುದಿಲ್ಲ, ಅದಕ್ಕೆ ತಿಂಗಳ ಲೆಕ್ಕದಲ್ಲಿ ಇವಕ್ಕೆ ಜಾಗ ಇರುವುದಿಲ್ಲ, ಅಷ್ಟೇ. ಜೂನ್ ಕೊನೆಗೆ ಹಿಂದಿನ ಆರು ತಿಂಗಳಲ್ಲಿ ಇಂಥವು ಏನೇನು ಬಂದವು ಎಂದು ನೆನಪು ಮಾಡಿ ಬರೆದೆ. ಪರೀಕ್ಷಾ ಶುಲ್ಕ 1,400. ಫೋನಿನ ರೀಚಾರ್ಜು ಎರಡು ಸಲ, 1,438. ಚಪ್ಪಲಿ 350. ಜ್ವರ ಬಂದಾಗ ಡಾಕ್ಟರು ಮತ್ತು ಮಾತ್ರೆ 480. ಡಿಪಾರ್ಟ್‌ಮೆಂಟಿನ ಪ್ರವಾಸಕ್ಕೆ 900. ಪರೀಕ್ಷೆಯ ಮುಂಚೆ ಒಟ್ಟಿಗೆ ಮಾಡಿಸಿದ ಜೆರಾಕ್ಸು 400. ಕೂಡಿದರೆ 4,968. ಆರು ತಿಂಗಳಲ್ಲಿ ಒಂದು ಇಡೀ ತಿಂಗಳ ಹಣ ನನ್ನ ಲೆಕ್ಕದಲ್ಲೇ ಇಲ್ಲದ ಬಾಬತ್ತುಗಳಿಗೆ ಹೋಗಿತ್ತು. ಆರರಿಂದ ಭಾಗಿಸಿದರೆ 828. ಅಂದರೆ ನನ್ನ ಹತ್ತಿರ ನಿಜಕ್ಕೂ ಇದ್ದದ್ದು ದಿನಕ್ಕೆ 63 ಅಲ್ಲ, 36ರ ಹತ್ತಿರ.

ರೀಚಾರ್ಜಿನ ಬಗ್ಗೆ ಒಂದು ಮಾತು. ಆಗ ನನ್ನ ಸಿಮ್ಮಿಗೆ 28 ದಿನದ್ದು 299, 84 ದಿನದ್ದು 719. ಮೂರು ಸಲ 28 ದಿನದ್ದು ಹಾಕಿಸಿದರೆ 897, ಅಂದರೆ 178 ರೂಪಾಯಿ ಹೆಚ್ಚು. ಜೊತೆಗೆ 28 ದಿನ ಎಂದರೆ ತಿಂಗಳಲ್ಲ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಮ್ಮ ಕಾರಿಡಾರಿನಲ್ಲಿ ಅರ್ಧದಷ್ಟು ಜನ 299 ಹಾಕಿಸುತ್ತಿದ್ದರು, ಏಕೆಂದರೆ ಒಂದೇ ಸಲಕ್ಕೆ 719 ಅವರ ಕೈಯಲ್ಲಿ ಇರುತ್ತಿರಲಿಲ್ಲ. ಕಡಿಮೆ ದುಡ್ಡಿರುವವರೇ ಹೆಚ್ಚು ಕೊಡುವುದು ಹೀಗೆ. ಪಕ್ಕಕ್ಕೆ ಇಟ್ಟ ಗಂಟು ಮೊದಲು ಉಪಯೋಗಕ್ಕೆ ಬಂದದ್ದು ಇಲ್ಲಿ.

ಜುಲೈನಿಂದ 3,100ರ ಜೊತೆಗೆ 800 ಕೂಡ ಆ ಇನ್ನೊಂದು ಖಾತೆಗೆ ಹೋಗತೊಡಗಿತು. ಕೈಯಲ್ಲಿ ಉಳಿಯುವುದು 1,100. ಕೇಳಲು ಭಯವಾಗುತ್ತದೆ, ನನಗೂ ಆಗಿತ್ತು. ಆದರೆ ಈ 1,100 ನಿಜವಾದ 1,100. ಇದರ ಮೇಲೆ ಯಾರ ಹಕ್ಕೂ ಇಲ್ಲ.

ಸಾವಿರ ರೂಪಾಯಿಯನ್ನು ಎಟಿಎಮ್ಮಿನಿಂದ ತೆಗೆದು, ಜೆರಾಕ್ಸ್ ಅಂಗಡಿಯಲ್ಲಿ ಚಿಲ್ಲರೆ ಮಾಡಿಸಿ, ಮದುವೆ ಕಾಗದದ ಹಳೆ ಲಕೋಟೆಗಳಲ್ಲಿ 250ರ ಹಾಗೆ ನಾಲ್ಕು ಭಾಗ ಮಾಡಿದೆ. ಉಳಿದ ನೂರು ತಿಂಗಳ ಕೊನೆಯ ಎರಡು ಮೂರು ದಿನಕ್ಕೆ. ಫೋನ್‌ಪೇಯಲ್ಲಿ ದುಡ್ಡು ಹೋದದ್ದು ಗೊತ್ತಾಗುವುದಿಲ್ಲ, ನೋಟು ಹೋದರೆ ಗೊತ್ತಾಗುತ್ತದೆ. ನಮ್ಮವ್ವ ಸಾಸಿವೆ ಡಬ್ಬಿಯಲ್ಲಿ ಮಾಡುತ್ತಿದ್ದುದು ಇದನ್ನೇ.

ಲಕೋಟೆಯಲ್ಲಿ ನಾನು ಕಷ್ಟಪಟ್ಟು ಕಂಡುಕೊಂಡದ್ದು ಒಂದೇ, ವಾರ ಯಾವತ್ತು ಶುರುವಾಗಬೇಕು ಎಂಬುದು. ಮೊದಲು ಎಲ್ಲರ ಹಾಗೆ ಸೋಮವಾರ ಶುರು ಮಾಡಿದೆ. ಮೂರು ವಾರ ಸತತವಾಗಿ ಭಾನುವಾರ ಲಕೋಟೆ ಖಾಲಿ. ನಮ್ಮ ಮೆಸ್ಸಿನಲ್ಲಿ ಭಾನುವಾರ ಮಧ್ಯಾಹ್ನ ವಿಶೇಷ ಊಟ, ರಾತ್ರಿ ಅಡುಗೆಯವರಿಗೆ ರಜೆ. ರಾತ್ರಿಯ ಊಟ ಹೊರಗೇ ಆಗಬೇಕು. ಎಗ್ ರೈಸೋ ಮಸಾಲೆ ದೋಸೆಯೋ, 60 ರೂಪಾಯಿ ಬೇಕೇಬೇಕು. ವಾರದ ತಪ್ಪಿಸಲಾಗದ ಒಂದೇ ದೊಡ್ಡ ಖರ್ಚು ವಾರದ ಕೊನೆಯ ದಿನಕ್ಕೆ ಬಂದು ಕೂತಿತ್ತು. ವಾರವನ್ನು ಶನಿವಾರಕ್ಕೆ ಬದಲಾಯಿಸಿದೆ. ಶನಿವಾರ ಹೊಸ ಲಕೋಟೆ, ಭಾನುವಾರ ರಾತ್ರಿಯ 60 ಅದರಿಂದ ಮೊದಲೇ ಹೋಗುತ್ತದೆ, ಉಳಿದ 190ರಲ್ಲಿ ಶುಕ್ರವಾರದವರೆಗೆ. ಶುಕ್ರವಾರ ಖಾಲಿಯಾದರೂ ಮೆಸ್ಸಿನಲ್ಲಿ ಮೂರು ಹೊತ್ತು ಊಟ ಇದ್ದೇ ಇರುತ್ತದೆ, ಟೀ ಮಾತ್ರ ತಪ್ಪುತ್ತದೆ. ಹಸಿವಿನಲ್ಲಿ ಖಾಲಿಯಾಗುವುದಕ್ಕೂ ಟೀ ಇಲ್ಲದೆ ಖಾಲಿಯಾಗುವುದಕ್ಕೂ ಬಹಳ ವ್ಯತ್ಯಾಸ ಇದೆ. ಹೊಟ್ಟೆ ಹಸಿದವಳು ಸಾಲ ಕೇಳುತ್ತಾಳೆ.

ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಪ್ಯಾಡಿಗೆ ತಿಂಗಳಿಗೆ ಸುಮಾರು ನೂರು, ಸೋಪು ಶಾಂಪೂ ಬಟ್ಟೆ ಸೋಪಿಗೆ 120. ಇವನ್ನು ಮೊದಲ ಎರಡು ಲಕೋಟೆಗೆ ಹಂಚುತ್ತಿದ್ದೆ. ಉಳಿದದ್ದು ದಿನಕ್ಕೆ ಇಪ್ಪತ್ತು ರೂಪಾಯಿಯ ಆಸುಪಾಸು, ಟೀ ಮತ್ತು ಬಿಡಿ ಜೆರಾಕ್ಸು. ಗೆಳತಿಯರ ಹುಟ್ಟುಹಬ್ಬದ ವಂತಿಗೆ ಒಂದು ತೊಡಕು. ನಾವು ಹದಿನಾಲ್ಕು ಜನ, ತಲೆಗೆ ನೂರು ಎಂದರೆ ತಿಂಗಳಿಗೆ ನೂರಕ್ಕೆ ಮೇಲಾಗುತ್ತದೆ. ನನಗಿಂತ ಕಷ್ಟದಲ್ಲಿದ್ದ ಒಬ್ಬಳು, ಇನ್ನು ಮೇಲೆ ಕೇಕು ಬೇಡ, ಭಾನುವಾರ ರಾತ್ರಿ ಹೇಗೂ ಹೊರಗೆ ಉಣ್ಣುತ್ತೇವಲ್ಲ, ಎಲ್ಲರೂ ಒಟ್ಟಿಗೆ ಹೋಗೋಣ, ಹುಟ್ಟುಹಬ್ಬದವಳದ್ದು ಮಾತ್ರ ನಾವು ಹಂಚಿಕೊಳ್ಳೋಣ ಅಂದಳು. ತಲೆಗೆ ಐದು ರೂಪಾಯಿ. ಆಗ ಮುಖ ಸಿಂಡರಿಸಿದ ಇಬ್ಬರು ಆಮೇಲೆ ಇದೇ ಚೆನ್ನಾಗಿದೆ ಅಂದರು.

ಆ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟು ಶೂನ್ಯವಾಯಿತು. ಅದಕ್ಕೂ ಮುಂಚೆ ಊರಿಗೆ ಹೋಗಿ ಬರಲು ನನಗೆ ಇನ್ನೂರರ ಹತ್ತಿರ ಬೇಕಿತ್ತು, ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಆಮೇಲೆ ತಿಂಗಳಿಗೆ ಒಂದು ಸಲವಾದರೂ ಹೋಗತೊಡಗಿದೆ. ಬರುವಾಗ ಚಟ್ನಿಪುಡಿ, ಹುರಿಟ್ಟು, ಕೊಬ್ಬರಿ ಎಣ್ಣೆ ಬ್ಯಾಗಿನಲ್ಲಿ ಬರುತ್ತಿತ್ತು. ಎಲ್ಲರಿಗೂ ಈ ಲೆಕ್ಕ ಹೊಂದುವುದಿಲ್ಲ. ಕರಾವಳಿಯ ಗೆಳತಿಯೊಬ್ಬಳ ಊರಿಗೆ ಖಾಸಗಿ ಬಸ್ಸೇ ಹೆಚ್ಚು, ಅವುಗಳಲ್ಲಿ ಯೋಜನೆ ಇಲ್ಲ. ಹುಡುಗರಿಗಂತೂ ಇಲ್ಲವೇ ಇಲ್ಲ.

ಇನ್ನು ದಸರಾ. ಆ ವರ್ಷ ಅಕ್ಟೋಬರ್ 15ರಿಂದ 24ರವರೆಗೆ. ಹಾಸ್ಟೆಲು ಬಹುಪಾಲು ಖಾಲಿಯಾಯಿತು. ನಾನು ಸೆಮಿನಾರಿನ ಬರವಣಿಗೆ ಬಾಕಿ ಇದೆಯೆಂದು ಉಳಿದೆ, ದಸರಾ ನೋಡುವ ಆಸೆಯೂ ಇತ್ತು. ನವೆಂಬರಿನಲ್ಲಿ ಬೋರ್ಡು ನೋಡಿದರೆ ದಿನದ ದರ 115. ನನ್ನ ಬಿಲ್ಲು 31 ದಿನಕ್ಕೆ 3,565. ಯಾರೋ ದುಡ್ಡು ಹೊಡೆದಿದ್ದಾರೆ ಎಂದು ಕಾರಿಡಾರಿನಲ್ಲಿ ಗಲಾಟೆಯಾಯಿತು. ಉಂಡವರು ಕಡಿಮೆ, ಬಿಲ್ಲು ಹೆಚ್ಚು ಹೇಗೆ ಬರುತ್ತದೆ?

ಆ ತಿಂಗಳು ಮೆಸ್ ಕಮಿಟಿಯಲ್ಲಿ ನನ್ನ ರೂಮ್‌ಮೇಟು ಇದ್ದಳು. ಅವಳು ಪುಸ್ತಕ ತಂದು ಹಾಸಿಗೆಯ ಮೇಲೆ ಬಿಡಿಸಿದಳು. ಮಾಮೂಲಿ ತಿಂಗಳಲ್ಲಿ ನಾವು 120 ಜನ, ಮೂವತ್ತು ದಿನ, ಒಟ್ಟು 3,600 ದಿನದ ಊಟ. ದಿನಸಿ ತರಕಾರಿಗೆ 2,52,000, ಅಂದರೆ ತಲೆಗೆ ದಿನಕ್ಕೆ 70. ಅಡುಗೆಯವರ ಸಂಬಳ ಮತ್ತಿತರ ಖಾಯಂ ಖರ್ಚು 90,000, ತಲೆಗೆ 25. ಸೇರಿ 95. ಅಕ್ಟೋಬರಿನಲ್ಲಿ ಊಟದ ದಿನಗಳು 2,000ಕ್ಕೆ ಇಳಿದವು. ದಿನಸಿಯೂ ಅದೇ ಪ್ರಮಾಣದಲ್ಲಿ ಇಳಿದು 1,40,000 ಆಯಿತು, ತಲೆಗೆ 70ರಲ್ಲೇ ನಿಂತಿತು. ಆದರೆ ಅಡುಗೆಯವರ ಸಂಬಳ ಇಳಿಯಲಿಲ್ಲ, ಇಳಿಯಬೇಕಾದ್ದೂ ಅಲ್ಲ. ಅದೇ 90,000ವನ್ನು 2,000ದಿಂದ ಭಾಗಿಸಿದರೆ 45. ಸೇರಿ 115. ಯಾರೂ ಹೊಡೆದಿರಲಿಲ್ಲ. ಊರಿಗೆ ಹೋದವರ ಪಾಲಿನ ಸಂಬಳವನ್ನು ಉಳಿದವರು ಹೊತ್ತಿದ್ದೆವು.

ಪುಸ್ತಕದಲ್ಲಿ ಇನ್ನೊಂದು ಕಂಡಿತು. ಊರಿಗೆ ಹೋದವರಲ್ಲೂ ಕೆಲವರಿಗೆ ಪೂರ್ತಿ 31 ದಿನದ ಬಿಲ್ಲು ಬಂದಿತ್ತು. ನಮ್ಮಲ್ಲಿ ರಜೆಗೆ ಎರಡು ದಿನ ಮುಂಚೆ ಮೆಸ್ಸಿನಲ್ಲಿ ಬರೆದುಕೊಡಬೇಕು, ಅದೂ ಸತತ ನಾಲ್ಕು ದಿನಕ್ಕೆ ಕಡಿಮೆಯಿಲ್ಲದಂತೆ. ಇದಕ್ಕೆ ಮೆಸ್ ಕಟ್ ಎನ್ನುತ್ತೇವೆ. ಅವರು ಬ್ಯಾಗು ಹಾಕಿಕೊಂಡು ಸುಮ್ಮನೆ ಹೊರಟಿದ್ದರು. ಹತ್ತು ದಿನಕ್ಕೆ 1,150 ರೂಪಾಯಿ, ಒಂದು ಸಹಿಗೆ ಸೋಮಾರಿತನ ಮಾಡಿದ್ದಕ್ಕೆ. ನೀವಿರುವ ಹಾಸ್ಟೆಲಿನಲ್ಲಿ ನಿಯಮ ಬೇರೆ ಇರಬಹುದು. ಸೇರಿದ ಮೊದಲ ವಾರ ತಿಳಿದುಕೊಳ್ಳಬೇಕಾದ ಒಂದೇ ನಿಯಮ ಇದ್ದರೆ ಅದು ಇದು.

ನನ್ನ 3,100ರ ಗುಟ್ಟು ಇಷ್ಟೇ. ಪ್ರತಿ ತಿಂಗಳೂ ಬಿಲ್ಲು ಕಟ್ಟಿ ನೂರೋ ಇನ್ನೂರೋ ಮಿಗುತ್ತಿತ್ತು. ಅದನ್ನು ಮುಟ್ಟಿರಲಿಲ್ಲ. ಸೀನಿಯರು ಒಬ್ಬರು, ವರ್ಷದಲ್ಲಿ ಎರಡು ತಿಂಗಳು ಬಿಲ್ಲು ಏರುತ್ತೆ, ಸರಾಸರಿ ನೋಡ್ಬೇಡ, ಎಲ್ಲಕ್ಕಿಂತ ದೊಡ್ಡ ಬಿಲ್ಲು ನೋಡು ಅಂದಿದ್ದರು. ಬಿಲ್ಲಿಗೆ ಕಡಿಮೆ ಬಿದ್ದ 465 ಆ ಮಿಗತೆಯಿಂದಲೇ ಹೋಯಿತು.

ಸ್ಕಾಲರ್‌ಶಿಪ್ಪಿನ ಬಗ್ಗೆ ಹೇಳಲಿಲ್ಲ. ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೆ. ಅದು ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಹಾಗಾಗಿ ತಿಂಗಳ ಲೆಕ್ಕದಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ಆಗಸ್ಟಿನಲ್ಲಿ ಮೂರು ಸಾವಿರದ ಚಿಲ್ಲರೆ ಬಂತು. ಆಸೆಗಳು ಬಹಳ ಇದ್ದವು. ಆದರೆ ಜನವರಿಯ ಆ 2,755 ಇನ್ನೂ ನನ್ನ ಹೆಗಲ ಮೇಲೆ ಇತ್ತು. ಪ್ರತಿ ತಿಂಗಳೂ ನಾನು ಈ ತಿಂಗಳ ಹಣದಲ್ಲಿ ಹೋದ ತಿಂಗಳ ಊಟ ತೀರಿಸುತ್ತಿದ್ದೆ. ನಡೆಯುವ ತನಕ ನಡೆಯುತ್ತದೆ. ಕೋರ್ಸು ಮುಗಿಯುವಾಗ ನೋ ಡ್ಯೂ ಬೇಕಾದಾಗ ಎರಡು ತಿಂಗಳದ್ದು ಒಟ್ಟಿಗೆ ಕಟ್ಟಬೇಕು, ಸೀನಿಯರುಗಳು ಕೊನೆಯ ವಾರ ಓಡಾಡಿ ಸಾಲ ಕೇಳುತ್ತಿದ್ದುದು ಅದಕ್ಕೇ. ಸ್ಕಾಲರ್‌ಶಿಪ್ಪನ್ನು ಹಾಗೇ ಆ ಖಾತೆಯಲ್ಲಿ ಬಿಟ್ಟೆ. ಅಲ್ಲಿಂದ ಮುಂದೆ ಆಯಾ ತಿಂಗಳು ಉಂಡದ್ದಕ್ಕೆ ಆಯಾ ತಿಂಗಳೇ ದುಡ್ಡು ಇಟ್ಟಿರುತ್ತಿತ್ತು. ಅದರ ಬೆಲೆ ಗೊತ್ತಾದದ್ದು ಮುಂದಿನ ಜನವರಿಯಲ್ಲಿ.

2024ರ ಜನವರಿ ಮೊದಲ ವಾರ ಅಪ್ಪ ಫೋನು ಮಾಡಿದರು. ಯಾವಾಗಲೂ ಎರಡು ನಿಮಿಷದಲ್ಲಿ ಇಡುವವರು ಅವತ್ತು ಮಳೆ, ತೆಂಗು, ನಮ್ಮ ಚಿಕ್ಕಪ್ಪನ ಮೊಣಕಾಲು ಎಲ್ಲ ಮಾತಾಡಿದರು. ಆಮೇಲೆ, "ಕೆಂದಸ ಗಬ್ಬ ಕನವ್ವ. ಮಾರ್ಚಿಗೆ ಕರ ಹಾಕ್ತದೆ. ಹಾಲು ಬತ್ತಿಸ್ಬೇಕು" ಅಂದರು. ಕರು ಹಾಕುವ ಎರಡು ತಿಂಗಳು ಮುಂಚೆ ಹಾಲು ಕರೆಯುವುದು ನಿಲ್ಲಿಸುತ್ತಾರೆ. ನನಗೆ ಗೊತ್ತಿತ್ತು. ಹದಿನಾಲ್ಕು ಲೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂದಸುವಿನದೇ.

"ಈ ಎರಡು ತಿಂಗ್ಳು ನಾಕ್ ಸಾವ್ರ ಕಳ್ಸುದ್ರೆ ನಡೀತದಾ?"

ಹಿಂದಿನ ವರ್ಷವಾಗಿದ್ದರೆ ಥಟ್ಟನೆ ನಡೀತದೆ ಎಂದುಬಿಡುತ್ತಿದ್ದೆ, ಇಪ್ಪತ್ತನೇ ತಾರೀಖಿಗೆ ಇನ್ನೊಂದು ಪುಸ್ತಕ ಹುಟ್ಟುತ್ತಿತ್ತು. ಅವತ್ತು, ಹತ್ತು ನಿಮಿಷ ಬಿಟ್ಟು ಮಾಡ್ತೀನಪ್ಪ ಅಂದು ಫೋನಿಟ್ಟೆ. ಡೈರಿಯ ಹಿಂದಿನ ಪುಟದಲ್ಲಿ ಬರೆದೆ. ಜನವರಿಯಲ್ಲಿ ಪ್ರಾಜೆಕ್ಟಿನ ಬರವಣಿಗೆ ಊರಲ್ಲೇ ಕೂತು ಮಾಡಬಹುದು. ಸಂಕ್ರಾಂತಿಯ ಹಿಂದೆ ಮುಂದೆ ಹತ್ತು ದಿನ ಹೋದರೆ ಹಾಸ್ಟೆಲಿನಲ್ಲಿ 21 ದಿನ. ಹಬ್ಬಕ್ಕೆ ಎಲ್ಲರೂ ಹೋಗುತ್ತಾರೆ, ದರ ಏರುತ್ತದೆ, 105 ಎಂದೇ ಹಿಡಿಯೋಣ. ಊಟಕ್ಕೆ 2,205. ಪಕ್ಕಕ್ಕೆ ಇಡುವ 800 ಹಾಗೇ ಇರಲಿ. ಉಳಿಯಿತು 995. ಮೂರು ವಾರದ ಲಕೋಟೆ 750. ಇನ್ನೂ 245 ಮಿಗುತ್ತದೆ. ಬಸ್ಸಿಗೆ ದುಡ್ಡಿಲ್ಲ. ಜನವರಿ ನಡೆಯುತ್ತದೆ.

ಫೆಬ್ರವರಿ ಅಷ್ಟು ಸಲೀಸಲ್ಲ. ತರಗತಿ ಇರುತ್ತದೆ, ರಜೆ ಹಾಕುವಂತಿಲ್ಲ. 29 ದಿನಕ್ಕೆ 95ರಂತೆ 2,755. ಒಂದು ವರ್ಷದ ಹಿಂದಿನ ಅದೇ ಮೊತ್ತ ಬಂದದ್ದು ನೋಡಿ ಒಂದು ಗಳಿಗೆ ಪೆನ್ನು ನಿಂತಿತು. ಲಕೋಟೆಗಳಿಗೆ ಸಾವಿರ, ಕೊನೆಗೆ ಐವತ್ತು. ಉಳಿಯುವುದು 195. ಪಕ್ಕಕ್ಕಿಡುವ 800ರಲ್ಲಿ 605 ಖೋತಾ. ಆ ಗಂಟಿನಲ್ಲಿ ಆಗ ಎರಡು ಸಾವಿರಕ್ಕೆ ಸ್ವಲ್ಪ ಮೇಲೆ ಇತ್ತು, ಪರೀಕ್ಷಾ ಶುಲ್ಕ ಬರುವುದು ಮೇ ತಿಂಗಳಿಗೆ. ತಡೆದುಕೊಳ್ಳುತ್ತದೆ. ಮೂರನೇ ತಿಂಗಳೂ ನಾಲ್ಕೇ ಸಾವಿರ ಎಂದರೆ ತಡೆದುಕೊಳ್ಳುವುದಿಲ್ಲ.

ಅಪ್ಪನಿಗೆ ಫೋನು ಮಾಡಿ ಇದನ್ನೆಲ್ಲ ಓದಿದೆ. ಜನವರಿ ಸರಿಹೋಗುತ್ತೆ, ಫೆಬ್ರವರಿ 605 ಕಡಿಮೆ ಬೀಳುತ್ತೆ, ಅದು ನನ್ನ ಹತ್ತಿರ ಇದೆ, ಮಾರ್ಚಿಗೆ ಮಾತ್ರ ಐದು ಬೇಕು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅವರೂ ಎಲ್ಲೋ ಬರೆದುಕೊಳ್ಳುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ ಬರಬೇಕಲ್ಲಪ್ಪ, ಅದನ್ನ ಹಿಡಿದ್ರಾ ಎಂದು ಕೇಳಿದೆ. "ಅದ್ ಬಂದಾಗ ಬಂತು. ಅದ್ನ ಲೆಕ್ಕುಕ್ಕೆ ಹಿಡೀಬಾರ್ದು" ಅಂದರು.

ಪುಸ್ತಕದ 1,500ರ ಮಾತನ್ನು ನಾನು ಹೇಳಿದ್ದು ಆ ಸಂಕ್ರಾಂತಿಗೆ, ಕೊಟ್ಟಿಗೆಯಲ್ಲಿ. ಅಪ್ಪ ಕೆಂದಸುವಿನ ಗೊಂತು ಬಾಚುತ್ತಿದ್ದರು. ಮೆಸ್ಸಿನ ಬಿಲ್ಲು ಕಟ್ಟೋಕೆ ಆಗಿರಲಿಲ್ಲ, ಅದಕ್ಕೆ ಹಂಗೆ ಹೇಳ್ದೆ ಅಂದೆ. ಅವರು ಬಾಚುವುದು ನಿಲ್ಲಿಸಲಿಲ್ಲ. "ಉಣ್ಣೋಕ್ಕೆ ಅಂದಿದ್ರೂ ಕಳ್ಸ್ತಿದ್ನಲ್ಲ" ಅಂದರು. ಮತ್ತೆ ಆ ಮಾತು ಬರಲಿಲ್ಲ.

ಹತ್ತು ದಿನಕ್ಕೆ ಮೆಸ್ ಕಟ್ ಬರೆದುಕೊಡಲು ಹೋದಾಗ ಫಾರಮ್ಮಿನಲ್ಲಿ ಕಾರಣ ಎಂಬ ಜಾಗ ಇತ್ತು. ಎಲ್ಲರೂ ಹಬ್ಬ ಎಂದು ಬರೆದಿದ್ದರು. ನಾನೂ ಹಬ್ಬ ಎಂದೇ ಬರೆದೆ. ಮೆಸ್ಸಿನ ಅಣ್ಣ ತಾರೀಖು ನೋಡಿ, ಹಬ್ಬ ಒಂದೇ ದಿನ ಅಲ್ವೇನಮ್ಮ, ಹತ್ತು ದಿನ ಯಾವ ಹಬ್ಬ ಅಂದ. ಹಸು ಬತ್ತಿದೆ ಅಣ್ಣ ಅಂದೆ. ಅವನದ್ದೂ ಹಳ್ಳಿಯೇ. ಎಷ್ಟನೇ ಕರು ಎಂದು ಕೇಳಿ ಸೀಲು ಹಾಕಿದ.